ಸಹಿ ಹಾಕಿದವರಿಗೆ ಅಧಿಕಾರ ಇತ್ತಾ? ಬೋರ್ಡ್ ರೆಸಲ್ಯೂಷನ್ ಮತ್ತು ಮಿನಿಟ್ಸ್ ಕಟ್ಟನ್ನು ಪರಿಶೀಲಿಸುವ ಸಮಗ್ರ ಮಾರ್ಗದರ್ಶಿ

ಸಾಲದ ಒಪ್ಪಂದಕ್ಕೆ ಸಹಿ ಆಗಿದೆ, ಹಣ ಬಿಡುವುದೊಂದೇ ಬಾಕಿ. ಅಷ್ಟರಲ್ಲಿ ಸಾಲ ಪಡೆಯುವ ಕಂಪನಿಯಿಂದ ಒಂದು ಕಟ್ಟು ಕಾಗದ ಬರುತ್ತದೆ. ಮೇಲೆ ಲೆಟರ್‌ಹೆಡ್‌ನಲ್ಲಿ ಬೋರ್ಡ್ ರೆಸಲ್ಯೂಷನ್, ಅದರ ಕೆಳಗೆ ಸಹಿ ಮತ್ತು ರಬ್ಬರ್ ಸ್ಟಾಂಪು, ಹಿಂದೆ ಮಿನಿಟ್ಸ್‌ನ, ಅಂದರೆ ಸಭೆಯ ನಡಾವಳಿ ದಾಖಲೆಯ, ಜೆರಾಕ್ಸ್ ಪುಟಗಳು. ತುಂಬಾ ಜನ ಮೇಲಿನ ಹಾಳೆಯನ್ನಷ್ಟೇ ಓದಿ, ಚೆಕ್‌ಲಿಸ್ಟ್‌ನಲ್ಲಿ ಟಿಕ್ ಹಾಕಿ, ಫೈಲ್ ಮುಚ್ಚುತ್ತಾರೆ.

ಆ ಮೇಲಿನ ಹಾಳೆ "ಬೋರ್ಡ್ ಹೀಗೆ ತೀರ್ಮಾನ ಮಾಡಿದೆ" ಎಂದು ಯಾರೋ ಒಬ್ಬರು ಬರೆದುಕೊಟ್ಟ ಮಾತು ಅಷ್ಟೇ. ಬೋರ್ಡ್ ನಿಜವಾಗಿ ಸೇರಿತ್ತಾ, ಸೇರಬೇಕಾದವರು ಸೇರಿದ್ದರಾ, ಅವರು ಒಪ್ಪಿದ್ದೂ ನಿಮ್ಮ ಒಪ್ಪಂದದಲ್ಲಿರುವುದೂ ಒಂದೇನಾ ಎಂಬುದಕ್ಕೆ ಉತ್ತರ ಹಿಂದಿನ ಪುಟಗಳಲ್ಲಿ ಇರುತ್ತದೆ. ಪ್ರೈವೇಟ್ ಕಂಪನಿಗಳ ವಿಷಯದಲ್ಲಂತೂ ಇದು ಇನ್ನೂ ನಿಜ. ಸಾಲ ಪಡೆಯುವಂಥ ಬೋರ್ಡ್ ತೀರ್ಮಾನಗಳನ್ನು ಅವು ಕಂಪನಿ ರಿಜಿಸ್ಟ್ರಾರ್‌ಗೆ ಸಲ್ಲಿಸಬೇಕಿಲ್ಲ, ಹಾಗಾಗಿ ಸರ್ಕಾರಿ ಪೋರ್ಟಲ್‌ನಲ್ಲಿ ಹುಡುಕಿದರೂ ಸಿಗಲ್ಲ. ಮಿನಿಟ್ಸ್ ಪುಸ್ತಕ ಒಂದೇ ಆಧಾರ.

ಒಂದು ಉದಾಹರಣೆ ಇಟ್ಟುಕೊಂಡು ಹೆಜ್ಜೆಹೆಜ್ಜೆಯಾಗಿ ನೋಡೋಣ. ಬೆಂಗಳೂರಿನ ಹೊರವಲಯದಲ್ಲಿ ರಟ್ಟಿನ ಪೆಟ್ಟಿಗೆ ಮಾಡುವ ಒಂದು ಪ್ರೈವೇಟ್ ಕಂಪನಿ ಇದೆ ಅಂದುಕೊಳ್ಳಿ. ಐವರು ನಿರ್ದೇಶಕರು: ತಂದೆ ಎಂ.ಡಿ., ಇಬ್ಬರು ಗಂಡುಮಕ್ಕಳು, ಒಬ್ಬ ಸೊಸೆ, ಮತ್ತು ಬಂಡವಾಳ ಹಾಕಿದವರ ಪರವಾಗಿ ಕೂತಿರುವ ಒಬ್ಬ ಹೊರಗಿನ ನಿರ್ದೇಶಕ. ಕಂಪನಿ ಸೆಕ್ರೆಟರಿ ಇಲ್ಲ. ಒಂದು ಫೈನಾನ್ಸ್ ಕಂಪನಿಯಿಂದ ₹4 ಕೋಟಿ ಸಾಲ, ಕಾರ್ಖಾನೆಯ ಜಮೀನೇ ಅಡಮಾನ. ಒಪ್ಪಂದಕ್ಕೆ 2024ರ ಜೂನ್ 10ರಂದು ಹಿರಿಯ ಮಗ ಒಬ್ಬರೇ ಸಹಿ ಹಾಕಿದ್ದಾರೆ. ನೀವು ಫೈನಾನ್ಸ್ ಕಂಪನಿಯ ಪರವಾಗಿ ಕಾಗದ ನೋಡುತ್ತಿದ್ದೀರಿ, ಈಗ ಜೂನ್ ತಿಂಗಳ ಕೊನೆ.

ಮೊದಲು ಒಪ್ಪಂದದಿಂದ ನಾಲ್ಕು ಸಾಲು ಬರೆದುಕೊಳ್ಳಿ

ರೆಸಲ್ಯೂಷನ್ ಮುಟ್ಟುವ ಮೊದಲೇ ಒಪ್ಪಂದ ತೆಗೆದು, ಯಾವ ದಿನ ಸಹಿ ಆಯಿತು, ಯಾರು ಯಾವ ಹುದ್ದೆಯಲ್ಲಿ ಸಹಿ ಹಾಕಿದರು, ಮೊತ್ತ ಎಷ್ಟು, ಕಂಪನಿ ಏನೇನು ಒಪ್ಪಿಕೊಂಡಿದೆ ಎಂದು ಒಂದು ಹಾಳೆಯಲ್ಲಿ ಬರೆಯಿರಿ. ನಮ್ಮ ಉದಾಹರಣೆಯಲ್ಲಿ: ಜೂನ್ 10, ಹಿರಿಯ ಮಗ ನಿರ್ದೇಶಕರಾಗಿ, ₹4 ಕೋಟಿ, ಸಾಲ ಪಡೆಯುವುದು ಮತ್ತು ಜಮೀನು ಅಡಮಾನ ಇಡುವುದು. ಮುಂದೆ ಓದುವ ಪ್ರತಿ ಕಾಗದವನ್ನೂ ಈ ನಾಲ್ಕು ಸಾಲಿಗೆ ಹೋಲಿಸಬೇಕು.

ಅದೇ ಹಾಳೆಯ ಕೆಳಗೆ, ಕಟ್ಟಿನಲ್ಲಿರುವ ಕಾಗದಗಳನ್ನು ಅವರು ಜೋಡಿಸಿ ಕಳಿಸಿದ ಕ್ರಮದಲ್ಲಲ್ಲ, ತಾರೀಖಿನ ಕ್ರಮದಲ್ಲಿ ಬರೆಯಿರಿ. ಮೇ 20ರ ಬೋರ್ಡ್ ಸಭೆಯ ಮಿನಿಟ್ಸ್. ಜೂನ್ 3ರ ಸರ್ಕ್ಯುಲರ್ ರೆಸಲ್ಯೂಷನ್, ಅಂದರೆ ಸಭೆ ಸೇರದೆ ಕಾಗದ ಸುತ್ತಿಸಿ ಸಹಿ ಪಡೆದದ್ದು. ಜೂನ್ 10ರ ಒಪ್ಪಂದ. ರೆಸಲ್ಯೂಷನ್‌ನ ಸರ್ಟಿಫೈಡ್ ಕಾಪಿ, ಅದರ ತಾರೀಖೂ ಜೂನ್ 10. ಹೀಗೆ ಸಾಲಾಗಿ ಇಟ್ಟ ಕೂಡಲೇ ಒಂದು ಪ್ರಶ್ನೆ ತಾನಾಗೇ ಏಳುತ್ತದೆ: ಸಭೆಯಲ್ಲಿ ತೀರ್ಮಾನ ಆದ ಎರಡು ವಾರಕ್ಕೆ ಇನ್ನೊಂದು ರೆಸಲ್ಯೂಷನ್ ಯಾಕೆ ಬೇಕಾಯಿತು? ಅದನ್ನು ಮನಸ್ಸಲ್ಲಿಟ್ಟುಕೊಳ್ಳಿ.

ಆರ್ಟಿಕಲ್ಸ್ ಓದದೆ ಮಿನಿಟ್ಸ್ ಓದಬೇಡಿ

ಕಂಪನಿಯ ಆರ್ಟಿಕಲ್ಸ್ ಆಫ್ ಅಸೋಸಿಯೇಷನ್, ಅಂದರೆ ಅದರ ಒಳಗಿನ ನಿಯಮಾವಳಿ, ಕಟ್ಟಿನಲ್ಲಿ ಇಲ್ಲದಿದ್ದರೆ ಕೇಳಿ ತರಿಸಿ. ಅವರು ಕೊಟ್ಟ ಪ್ರತಿಯನ್ನೇ ನಂಬಿ ಕೂರಬೇಡಿ, ಕಂಪನಿ ವ್ಯವಹಾರಗಳ ಸಚಿವಾಲಯದ ಎಂಸಿಎ ಪೋರ್ಟಲ್‌ನಲ್ಲಿ ಶುಲ್ಕ ಕಟ್ಟಿ ಕಂಪನಿ ಸಲ್ಲಿಸಿದ ದಾಖಲೆ ತೆಗೆದು ಹೋಲಿಸಿ. ನಡುವೆ ತಿದ್ದುಪಡಿ ಆಗಿದ್ದರೆ ಅದೂ ಅಲ್ಲೇ ಸಿಗಬೇಕು.

ಇದಕ್ಕೆ ಇಷ್ಟು ಒತ್ತು ಕೊಡಲು ಕಾರಣವಿದೆ. ಕಂಪನಿಯ ಒಳಗಿನ ನಡಾವಳಿ ಸರಿಯಾಗಿಯೇ ನಡೆದಿದೆ ಎಂದು ಹೊರಗಿನವರು ನಂಬಬಹುದು ಎಂಬ ನಿಯಮ ಇಂಗ್ಲೆಂಡಿನ 1856ರ ಟರ್ಕ್ವಾಂಡ್ ಪ್ರಕರಣದಿಂದ ಬಂದಿದೆ, ನಮ್ಮ ಕೋರ್ಟುಗಳೂ ಅದನ್ನು ಒಪ್ಪಿವೆ. ಆದರೆ ಆರ್ಟಿಕಲ್ಸ್ ಸಾರ್ವಜನಿಕ ದಾಖಲೆ, ಅದರಲ್ಲಿ ಏನಿದೆ ಎಂಬುದು ನಿಮಗೆ ಗೊತ್ತಿತ್ತು ಎಂದೇ ಕಾನೂನು ಎಣಿಸುತ್ತದೆ. 1934ರಲ್ಲಿ ಮದ್ರಾಸ್ ಹೈಕೋರ್ಟ್ ಮುಂದೆ ಬಂದ ಕೋಟ್ಲ ವೆಂಕಟಸ್ವಾಮಿ ಪ್ರಕರಣದಲ್ಲಿ ಕಂಪನಿಯ ಆರ್ಟಿಕಲ್ಸ್ ಪ್ರಕಾರ ಇಂಥ ಪತ್ರಗಳಿಗೆ ಮೂವರ ಸಹಿ ಬೇಕಿತ್ತು: ಮ್ಯಾನೇಜಿಂಗ್ ಡೈರೆಕ್ಟರ್, ಸೆಕ್ರೆಟರಿ ಮತ್ತು ವರ್ಕಿಂಗ್ ಡೈರೆಕ್ಟರ್. ಅಡಮಾನ ಪತ್ರಕ್ಕೆ ಇದ್ದದ್ದು ಸೆಕ್ರೆಟರಿ ಮತ್ತು ವರ್ಕಿಂಗ್ ಡೈರೆಕ್ಟರ್ ಸಹಿ ಮಾತ್ರ. ಒಳ್ಳೆಯ ನಂಬಿಕೆಯಿಂದಲೇ ಸಾಲ ಕೊಟ್ಟಿದ್ದರೂ ಆ ಅಡಮಾನ ನಿಲ್ಲಲಿಲ್ಲ.

ಇನ್ನೊಂದು ಮಾತು, ಇದನ್ನು ತುಂಬಾ ಜನ ಮರೆಯುತ್ತಾರೆ. ಮಿನಿಟ್ಸ್ ಕಟ್ಟನ್ನು ನೀವು ಕೇಳಿ ತರಿಸಿಕೊಂಡ ಮೇಲೆ, ಅದರಲ್ಲಿ ಎದ್ದು ಕಾಣುವ ದೋಷ ಇದ್ದರೆ "ನನಗೆ ಗೊತ್ತಿರಲಿಲ್ಲ" ಎನ್ನುವ ದಾರಿ ಮುಚ್ಚಿಹೋಗುತ್ತದೆ. ಅನುಮಾನಕ್ಕೆ ಕಾರಣ ಇದ್ದೂ ವಿಚಾರಿಸದವರಿಗೆ ಆ ಟರ್ಕ್ವಾಂಡ್ ರಕ್ಷಣೆ ಇಲ್ಲ. ಫೈಲಿನಲ್ಲಿಟ್ಟು ಓದದೇ ಬಿಡುವುದು ತರಿಸದೇ ಇರುವುದಕ್ಕಿಂತ ಕೆಟ್ಟದ್ದು.

ಆರ್ಟಿಕಲ್ಸ್‌ನಲ್ಲಿ ಹುಡುಕಬೇಕಾದದ್ದು ಜಾಸ್ತಿ ಇಲ್ಲ. ಬೋರ್ಡ್ ಸಭೆಗೆ ಕೋರಂ, ಅಂದರೆ ಇರಲೇಬೇಕಾದ ಕನಿಷ್ಠ ಹಾಜರಿ ಎಷ್ಟು, ಸಾಲಕ್ಕೆ ಮಿತಿ ಇದೆಯಾ, ಯಾರದಾದರೂ ವಿಶೇಷ ಒಪ್ಪಿಗೆ ಬೇಕಾ, ಪತ್ರಗಳಿಗೆ ಯಾರು ಸಹಿ ಹಾಕಬೇಕು. ಬಂಡವಾಳ ಹಾಕಿದವರು ಇರುವ ಕಂಪನಿಗಳಲ್ಲಿ ಇವು ಸಾಮಾನ್ಯ ನಮೂನೆಗಿಂತ ಬೇರೆ ಇರುತ್ತವೆ. ನಮ್ಮ ಕಂಪನಿಯ ಆರ್ಟಿಕಲ್ಸ್‌ನಲ್ಲಿ ಕೋರಂ ಮೂರು ಎಂದಿದೆ. ಕಾನೂನಿನ ಲೆಕ್ಕ ಬೇರೆ: ಒಟ್ಟು ನಿರ್ದೇಶಕರ ಮೂರನೇ ಒಂದು ಭಾಗ ಅಥವಾ ಇಬ್ಬರು, ಯಾವುದು ಜಾಸ್ತಿಯೋ ಅದು. ಐವರಿದ್ದರೆ ಇಬ್ಬರು ಸಾಕು. ಆದರೆ ಆರ್ಟಿಕಲ್ಸ್ ಮೂರು ಕೇಳಿದರೆ ಮೂವರು ಇರಲೇಬೇಕು.

ಆ ದಿನ ನಿರ್ದೇಶಕರು ಯಾರ್ಯಾರಿದ್ದರು

ಎಂಸಿಎ ಪೋರ್ಟಲ್‌ನ ಮಾಸ್ಟರ್ ಡೇಟಾದಲ್ಲಿ ಈಗಿನ ನಿರ್ದೇಶಕರ ಹೆಸರು, ನೇಮಕದ ತಾರೀಖು ಸಿಗುತ್ತದೆ. ನಿಮಗೆ ಬೇಕಾದದ್ದು ಇವತ್ತಿನ ಪಟ್ಟಿ ಅಲ್ಲ, ಮೇ 20ರ ಪಟ್ಟಿ ಮತ್ತು ಜೂನ್ 10ರ ಪಟ್ಟಿ. ನೇಮಕ ಅಥವಾ ರಾಜೀನಾಮೆ ಆಗಿದ್ದರೆ ಕಂಪನಿ DIR-12 ಫಾರಂ ಸಲ್ಲಿಸಿರಬೇಕು, ಅದನ್ನು ತೆಗೆದು ನೋಡಿ. ನಮ್ಮ ಉದಾಹರಣೆಯಲ್ಲಿ ಎರಡೂ ದಿನ ಅದೇ ಐವರು, ಹಾಗಾಗಿ ಇಲ್ಲಿ ತಕರಾರಿಲ್ಲ.

ಸಭೆ ನಿಜಕ್ಕೂ ಸಭೆಯಾಗಿತ್ತಾ

ಈಗ ಮೇ 20ರ ಮಿನಿಟ್ಸ್ ತೆಗೆಯಿರಿ. ತೀರ್ಮಾನದ ಪ್ಯಾರಾ ಆಮೇಲೆ. ಮೊದಲು ಹಾಜರಾತಿ ಓದಿ.

ಅಲ್ಲಿ ಹೀಗಿದೆ: ಎಂ.ಡಿ. ಹಾಜರು, ಹಿರಿಯ ಮಗ ಹಾಜರು, ಸೊಸೆ "ಫೋನ್ ಮೂಲಕ ಭಾಗವಹಿಸಿದರು". ಒಟ್ಟು ಮೂವರು, ಕೋರಂ ಇದೆ ಎಂದು ಬರೆದುಕೊಂಡಿದ್ದಾರೆ. ಆದರೆ 2013ರ ಕಂಪನಿ ಕಾಯ್ದೆಯ 173ನೇ ಸೆಕ್ಷನ್ ಒಪ್ಪುವುದು ಖುದ್ದು ಹಾಜರಿ ಅಥವಾ ವಿಡಿಯೋ, ಅಂದರೆ ನೋಡಲೂ ಕೇಳಲೂ ಆಗುವಂಥ ವ್ಯವಸ್ಥೆ. ಬರೀ ಫೋನ್ ಕಾಲ್ ಲೆಕ್ಕಕ್ಕೆ ಬರುವುದಿಲ್ಲ. ಹಾಗಾದರೆ ಸಭೆಯಲ್ಲಿ ಇದ್ದದ್ದು ಇಬ್ಬರೇ, ಆರ್ಟಿಕಲ್ಸ್ ಕೇಳಿದ ಕೋರಂ ಇಲ್ಲ. "ಫೋನ್" ಅಂತ ಬರೆದು ವಿಡಿಯೋ ಕಾಲ್ ಮಾಡಿರುವ ಸಾಧ್ಯತೆಯೂ ಇದೆ, ಹಾಗಾಗಿ ಸುಮ್ನೆ ತೀರ್ಪು ಕೊಡದೆ ಮೊದಲು ಕೇಳಿ. ವಿಡಿಯೋ ಸಭೆ ಆಗಿದ್ದರೆ ಅದರ ರೆಕಾರ್ಡಿಂಗ್ ಇರಬೇಕು.

ನಂತರ ನೋಟಿಸ್. ಪ್ರತಿ ನಿರ್ದೇಶಕರಿಗೂ ಕನಿಷ್ಠ 7 ದಿನ ಮೊದಲು ಲಿಖಿತ ನೋಟಿಸ್ ಹೋಗಿರಬೇಕು. ತುರ್ತು ವಿಷಯಕ್ಕೆ ಕಡಿಮೆ ಅವಧಿಯ ನೋಟಿಸ್ ಕೊಡಲು ಅವಕಾಶ ಇದೆ, ಆದರೆ ನೋಟಿಸ್ ಕೊಡದೇ ಇರಲು ಇಲ್ಲ. ಬಂದವರಿಗೆ ನೋಟಿಸ್ ಹೋಗಿತ್ತಾ ಎಂದು ತಲೆ ಕೆಡಿಸಿಕೊಳ್ಳಬೇಡಿ, ಬಾರದವರಿಗೆ ಹೋಗಿತ್ತಾ ಎಂದು ಕೇಳಿ. ಕಿರಿಯ ಮಗನಿಗೆ ಮತ್ತು ಹೊರಗಿನ ನಿರ್ದೇಶಕರಿಗೆ ಕಳಿಸಿದ ಇಮೇಲ್‌ನ ಪ್ರತಿ ಬೇಕು, ತಾರೀಖು ಮತ್ತು ವಿಳಾಸ ಕಾಣುವ ಹಾಗೆ.

ಒಬ್ಬರಿಗೆ ನೋಟಿಸ್ ತಪ್ಪಿದರೆ ಏನಂತೆ, ಬಹುಮತ ಹೇಗೂ ಇತ್ತಲ್ಲ ಎಂದು ಕಂಪನಿಯವರು ವಾದಿಸುತ್ತಾರೆ. ಪರಮೇಶ್ವರಿ ಪ್ರಸಾದ್ ಗುಪ್ತ ಪ್ರಕರಣದಲ್ಲಿ 1973ರಲ್ಲಿ ಸುಪ್ರೀಂ ಕೋರ್ಟ್ ಈ ಪ್ರಶ್ನೆ ನೋಡಿದೆ. ಒಬ್ಬ ನಿರ್ದೇಶಕರಿಗೆ ನೋಟಿಸ್ ಹೋಗಿರಲಿಲ್ಲ, ಆ ಸಭೆಯ ತೀರ್ಮಾನ ಸಿಂಧುವಲ್ಲ ಎಂದಾಯಿತು. ಅದೇ ತೀರ್ಪಿನಲ್ಲಿ ದೋಷ ಸರಿಪಡಿಸುವ ದಾರಿಯೂ ಇದೆ, ಅದಕ್ಕೆ ಕೊನೆಯಲ್ಲಿ ಬರುತ್ತೇನೆ.

ತೀರ್ಮಾನದ ಮಾತು ಮತ್ತು ಒಪ್ಪಂದದ ಮಾತು

ಇಲ್ಲಿ ನಿಧಾನವಾಗಿ ಓದಬೇಕು. ಒಂದೊಂದು ಪದಕ್ಕೂ ಬೆಲೆ ಇದೆ. ಮೇ 20ರ ತೀರ್ಮಾನ ಹೇಳುವುದು ಇಷ್ಟು: "₹3 ಕೋಟಿ ಮೀರದಂತೆ" ಸಾಲ ಪಡೆಯಬಹುದು, ಅದಕ್ಕೆ ಯಂತ್ರಗಳನ್ನು ಮತ್ತು ಕಾರ್ಖಾನೆ ಜಮೀನನ್ನು ಭದ್ರತೆಯಾಗಿ ಕೊಡಬಹುದು, ಎಂ.ಡಿ. ಮತ್ತು ಹಿರಿಯ ಮಗ "ಜಂಟಿಯಾಗಿ" ಸಹಿ ಹಾಕಬೇಕು.

ನಿಮ್ಮ ನಾಲ್ಕು ಸಾಲಿಗೆ ಹೋಲಿಸಿ. ಜಮೀನಿನ ವಿಷಯ ಸರಿಯಿದೆ. ಎಷ್ಟೋ ರೆಸಲ್ಯೂಷನ್‌ಗಳಲ್ಲಿ ಸಾಲಕ್ಕೆ ಮಾತ್ರ ಒಪ್ಪಿಗೆ ಇದ್ದು ಅಡಮಾನದ ಮಾತೇ ಇರಲ್ಲ, ಇಲ್ಲಿ ಹಾಗಾಗಿಲ್ಲ. ಮೊತ್ತ ₹1 ಕೋಟಿ ಜಾಸ್ತಿ ಆಗಿದೆ. ಸಹಿ ಇಬ್ಬರದು ಬೇಕಿತ್ತು, ಒಬ್ಬರದೇ ಇದೆ.

ಜೂನ್ 3ರ ಸರ್ಕ್ಯುಲರ್ ಯಾಕೆ ಬಂತು ಎಂಬುದು ಈಗ ಗೊತ್ತಾಯಿತು, ಅಲ್ವಾ? ಅದರಲ್ಲಿ ಎರಡು ಮಾತಿದೆ: ಮಿತಿಯನ್ನು ₹4 ಕೋಟಿಗೆ ಏರಿಸಿದೆ, ಇಬ್ಬರಲ್ಲಿ ಯಾರೊಬ್ಬರೂ ಸಹಿ ಹಾಕಬಹುದು. ಐವರಲ್ಲಿ ಮೂವರು ಸಹಿ ಹಾಕಿದ್ದಾರೆ.

ಸರ್ಕ್ಯುಲರ್ ರೆಸಲ್ಯೂಷನ್ ಎಲ್ಲದಕ್ಕೂ ನಡೆಯಲ್ಲ

175ನೇ ಸೆಕ್ಷನ್ ಪ್ರಕಾರ ಕರಡನ್ನು ಎಲ್ಲ ನಿರ್ದೇಶಕರಿಗೂ ಕಳಿಸಿ, ಬಹುಮತ ಒಪ್ಪಿದರೆ ಅದು ಬೋರ್ಡ್ ತೀರ್ಮಾನ ಆಗುತ್ತದೆ. ಐವರಲ್ಲಿ ಮೂವರು ಅಂದರೆ ಬಹುಮತವೇ. ಆದರೆ 179ನೇ ಸೆಕ್ಷನ್‌ನ 3ನೇ ಉಪವಿಧಿ ಕೆಲವು ವಿಷಯಗಳನ್ನು ಸಭೆ ಸೇರಿಯೇ ತೀರ್ಮಾನಿಸಬೇಕು ಎನ್ನುತ್ತದೆ. ಸಾಲ ಪಡೆಯುವುದು, ಕಂಪನಿಯ ಹಣ ಹೂಡುವುದು, ಸಾಲ ಕೊಡುವುದು ಅಥವಾ ಸಾಲಕ್ಕೆ ಗ್ಯಾರಂಟಿ ನಿಲ್ಲುವುದು ಆ ಪಟ್ಟಿಯಲ್ಲಿವೆ. ಹಾಗಾಗಿ ಮಿತಿ ಏರಿಸಿದ ಭಾಗಕ್ಕೆ ಬೆಲೆ ಇಲ್ಲ, ಐವರೂ ಸಹಿ ಹಾಕಿದ್ದರೂ ಇರುತ್ತಿರಲಿಲ್ಲ. ಯಾರು ಸಹಿ ಹಾಕಬೇಕು ಎಂಬ ಭಾಗ ಸರ್ಕ್ಯುಲರ್‌ನಲ್ಲಿ ನಡೆಯಬಹುದಿತ್ತು, ಆದರೆ ಅದು ನಿಂತಿರುವುದು ಮೇ 20ರ ತೀರ್ಮಾನದ ಮೇಲೆ. ಅದೇ ಅಲ್ಲಾಡುತ್ತಿದೆ.

ಇಲ್ಲಿ ಒಂದು ಪ್ರಶ್ನೆ ಕೇಳುವುದನ್ನು ಮರೆಯಬೇಡಿ. ಸಾಲ ಪಡೆಯುವ ಅಧಿಕಾರವನ್ನು ಬೋರ್ಡ್ ಸಭೆಯ ತೀರ್ಮಾನದ ಮೂಲಕ ಎಂ.ಡಿ.ಗೋ ಒಂದು ಸಮಿತಿಗೋ ಮೊದಲೇ ವಹಿಸಿಕೊಡಲು ಕಾನೂನಿನಲ್ಲಿ ಅವಕಾಶ ಇದೆ. ಹಿಂದಿನ ಯಾವುದೋ ವರ್ಷದ ಮಿನಿಟ್ಸ್‌ನಲ್ಲಿ ಎಂ.ಡಿ.ಗೆ ₹5 ಕೋಟಿವರೆಗೆ ಅಧಿಕಾರ ಕೊಟ್ಟಿದ್ದು ಇನ್ನೂ ಜಾರಿಯಲ್ಲಿದ್ದರೆ ಚಿತ್ರವೇ ಬದಲಾಗುತ್ತದೆ. ನಮ್ಮ ಕಂಪನಿಯಲ್ಲಿ ಅಂಥದ್ದಿಲ್ಲ.

ಪಬ್ಲಿಕ್ ಕಂಪನಿ ಆಗಿದ್ದರೆ ಇನ್ನೊಂದು ಮೆಟ್ಟಿಲು ಇರುತ್ತಿತ್ತು. ಸಾಲದ ಒಟ್ಟು ಮೊತ್ತ ಷೇರು ಬಂಡವಾಳ, ಮುಕ್ತ ಮೀಸಲು, ಸೆಕ್ಯುರಿಟೀಸ್ ಪ್ರೀಮಿಯಂ ಮೂರೂ ಸೇರಿದ್ದಕ್ಕಿಂತ ಜಾಸ್ತಿಯಾದರೆ 180ನೇ ಸೆಕ್ಷನ್‌ನಡಿ ಷೇರುದಾರರ ವಿಶೇಷ ನಿರ್ಣಯ ಬೇಕು. ಪ್ರೈವೇಟ್ ಕಂಪನಿಗಳಿಗೆ 2015ರ ಜೂನ್ 5ರ ಅಧಿಸೂಚನೆ ಇದರಿಂದ ವಿನಾಯಿತಿ ಕೊಟ್ಟಿತು. 2017ರಲ್ಲಿ ಅದಕ್ಕೊಂದು ಷರತ್ತು ಸೇರಿತು: ಬ್ಯಾಲೆನ್ಸ್ ಶೀಟ್ ಮತ್ತು ವಾರ್ಷಿಕ ರಿಟರ್ನ್ ಸಲ್ಲಿಸುವುದರಲ್ಲಿ ಕಂಪನಿ ತಪ್ಪಿರಬಾರದು. ಪೋರ್ಟಲ್ ತೆರೆದಿರುವಾಗಲೇ ಇದನ್ನೂ ನೋಡಿಬಿಡಿ.

ಪುಸ್ತಕವನ್ನೇ ನೋಡಿ

ಜೆರಾಕ್ಸ್ ಸಾಲದು. ಸಾಧ್ಯವಾದರೆ ಕಂಪನಿಯ ರಿಜಿಸ್ಟರ್ಡ್ ಆಫೀಸಿಗೆ ಹೋಗಿ ಮಿನಿಟ್ಸ್ ಪುಸ್ತಕ ತೆರೆದು ನೋಡಿ. ಪುಟಗಳಿಗೆ ಸರಣಿ ಸಂಖ್ಯೆ ಇರಬೇಕು, ಪ್ರತಿ ಪುಟದಲ್ಲೂ ಅಧ್ಯಕ್ಷರ ಸಹಿ ಅಥವಾ ಇನಿಶಿಯಲ್ ಇರಬೇಕು, ಕೊನೆಯ ಪುಟದಲ್ಲಿ ತಾರೀಖಿನೊಂದಿಗೆ ಪೂರ್ತಿ ಸಹಿ ಇರಬೇಕು. ಹಾಳೆ ತಂದು ಅಂಟಿಸುವ ಹಾಗಿಲ್ಲ. ಸಭೆ ಮುಗಿದ 30 ದಿನದೊಳಗೆ ಪುಸ್ತಕಕ್ಕೆ ಏರಿರಬೇಕು, ಅಂದರೆ ನಮ್ಮ ಸಭೆಯದು ಜೂನ್ 19ರೊಳಗೆ. ಏರಿಸಿದ ತಾರೀಖನ್ನು ಬರೆದಿಡಬೇಕು ಎಂದು ಬೋರ್ಡ್ ಸಭೆಗಳ ಸೆಕ್ರೆಟೇರಿಯಲ್ ಸ್ಟ್ಯಾಂಡರ್ಡ್ ಹೇಳುತ್ತದೆ, ಸಭೆಗಳಿಗೂ ಕ್ರಮಸಂಖ್ಯೆ ಕೊಡಬೇಕು ಎನ್ನುತ್ತದೆ.

ನಂತರ ಬರೆದು ಸೇರಿಸಿದ ಮಿನಿಟ್ಸ್ ಸಿಕ್ಕಿಬೀಳುವುದು ಇಲ್ಲೇ. ಪುಟ 61ರಿಂದ 63ರವರೆಗೆ ಈ ಸಭೆ ಇದ್ದರೆ, 60 ಮತ್ತು 64ನೇ ಪುಟ ನೋಡಿ. ಹಿಂದಿನ ಸಭೆ 60ರಲ್ಲಿ ಮುಗಿಯುತ್ತದಾ? ಮುಂದಿನದು 64ರಲ್ಲಿ ಶುರುವಾಗುತ್ತದಾ? "61ಎ" ಅಂತ ಪುಟ ಇದ್ದರೆ, ಎರಡು ಸಭೆಗೆ ಒಂದೇ ಕ್ರಮಸಂಖ್ಯೆ ಇದ್ದರೆ, ಕಾರಣ ಬರವಣಿಗೆಯಲ್ಲಿ ಕೇಳಿ.

ಸರ್ಟಿಫೈಡ್ ಕಾಪಿ ಮಿನಿಟ್ಸ್‌ಗೆ ಸಹಿ ಆಗುವ ಮೊದಲೇ ಬಂದಿದ್ದರೆ ಅದಷ್ಟಕ್ಕೇ ಅನುಮಾನ ಬೇಡ. ತೀರ್ಮಾನದ ಪಠ್ಯವನ್ನು ಸಭೆಯಲ್ಲೇ ಮಂಡಿಸಿದ್ದರೆ ಹಾಗೆ ಕೊಡಬಹುದು. ಆದರೆ ಕಾಪಿಯ ಪದಗಳನ್ನು ಪುಸ್ತಕದ ಪದಗಳ ಜೊತೆ ಒಂದೊಂದಾಗಿ ತಾಳೆ ನೋಡಿ. ನಮ್ಮ ಕಟ್ಟಿನಲ್ಲಿ ಸರ್ಟಿಫೈ ಮಾಡಿದವರು ಹಿರಿಯ ಮಗನೇ, ಅಂದರೆ ತನಗೆ ಅಧಿಕಾರ ಇದೆ ಎಂದು ತಾನೇ ಬರೆದುಕೊಟ್ಟ ಹಾಗೆ. ಕಂಪನಿ ಸೆಕ್ರೆಟರಿ ಇಲ್ಲದ ಕಡೆ ಬೋರ್ಡ್ ನೇಮಿಸಿದ ನಿರ್ದೇಶಕರು ಸರ್ಟಿಫೈ ಮಾಡಬಹುದು, ಆದರೂ ನಾನು ಒಪ್ಪಂದಕ್ಕೆ ಸಹಿ ಹಾಕದ ಇನ್ನೊಬ್ಬ ನಿರ್ದೇಶಕರ ಸಹಿಯನ್ನೇ ಕೇಳುತ್ತೇನೆ.

ಮುಂದಿನ ಸಭೆಯ ಮಿನಿಟ್ಸ್ ಕೇಳಿ

ಕಟ್ಟಿನಲ್ಲಿ ಇದು ಸಾಮಾನ್ಯವಾಗಿ ಇರಲ್ಲ, ಕೇಳದಿದ್ದರೆ ಯಾರೂ ಕೊಡಲ್ಲ. ಹಿಂದಿನ ಮಿನಿಟ್ಸ್ ಬಗ್ಗೆ ತಕರಾರು ಇದ್ದರೆ ಅದು ಬರುವುದು ಅಲ್ಲಿ. ಸರ್ಕ್ಯುಲರ್ ರೆಸಲ್ಯೂಷನ್ ಅನ್ನೂ ಮುಂದಿನ ಸಭೆಯಲ್ಲಿ ದಾಖಲಿಸಬೇಕು ಎಂಬ ನಿಯಮ ಇದೆ. ಕೊಟ್ಟ ಅಧಿಕಾರವನ್ನು ಹಿಂದಕ್ಕೆ ಪಡೆದಿದ್ದರೆ ಅದೂ ಅಲ್ಲೇ ಕಾಣುತ್ತದೆ.

ನಮ್ಮ ಕಂಪನಿಯ ಮುಂದಿನ ಸಭೆ ಜೂನ್ 24ಕ್ಕೆ ಆಗಿದೆ. ಕರಡು ಮಿನಿಟ್ಸ್ ತರಿಸಿದಾಗ ಒಂದು ಸಾಲು ಸಿಗುತ್ತದೆ: ಮೇ 20ರ ಸಭೆಯ ನೋಟಿಸ್ ತನಗೆ ಬಂದಿಲ್ಲ ಎಂದು ಹೊರಗಿನ ನಿರ್ದೇಶಕರು ಹೇಳಿದ್ದನ್ನು ದಾಖಲಿಸಲಾಗಿದೆ. ಜೂನ್ 3ರ ಸರ್ಕ್ಯುಲರ್ ಬಗ್ಗೆ ಒಂದಕ್ಷರವೂ ಇಲ್ಲ, ಬಹುಶಃ ಅದು ಅವರಿಗೆ ತಲುಪಿಯೇ ಇಲ್ಲ. ಕೋರಂ, ನೋಟಿಸ್, ಮೊತ್ತ, ಸಹಿ, ನಾಲ್ಕೂ ಕಡೆ ತೂತು. ಮೇಲಿನ ಹಾಳೆ ಮಾತ್ರ ನೋಡಿದ್ದರೆ ಮೊತ್ತ ಮತ್ತು ಸಹಿಯದ್ದಷ್ಟೇ ಕಾಣುತ್ತಿತ್ತು, ಅವಕ್ಕೂ ಸರ್ಕ್ಯುಲರ್ ತೋರಿಸಿ ಸಮಾಧಾನ ಹೇಳುತ್ತಿದ್ದರು.

ಸರಿಪಡಿಸುವುದು ಹೇಗೆ

ಹಣ ಇನ್ನೂ ಹೋಗಿಲ್ಲ, ಹಾಗಾಗಿ ನಿಮ್ಮ ಕೈಯಲ್ಲಿ ಬಲ ಇದೆ. ಪರಮೇಶ್ವರಿ ಪ್ರಸಾದ್ ಪ್ರಕರಣದಲ್ಲೂ ದೋಷದ ಸಭೆಯ ತೀರ್ಮಾನವನ್ನು ನಂತರದ ಸಭೆಯೊಂದು ಸ್ಥಿರೀಕರಿಸಿತ್ತು, ಅಂದರೆ ಆಮೇಲೆ ಒಪ್ಪಿ ತನ್ನದಾಗಿಸಿಕೊಂಡಿತ್ತು. ಆ ಸ್ಥಿರೀಕರಣ ಮೂಲ ಕ್ರಮದ ದಿನಕ್ಕೇ ಅನ್ವಯ ಆಗುತ್ತದೆ ಎಂದು ಕೋರ್ಟ್ ಒಪ್ಪಿತು. ಅದೇ ದಾರಿ ಹಿಡಿಯಿರಿ. ಜುಲೈ 1ಕ್ಕೆ ಐವರಿಗೂ ಇಮೇಲ್ ನೋಟಿಸ್, ಅಜೆಂಡಾ ಜೊತೆಗೆ ಒಪ್ಪಂದದ ಪ್ರತಿ, ಜುಲೈ 10ಕ್ಕೆ ಸಭೆ. ಖುದ್ದಾಗಿಯೋ ವಿಡಿಯೋದಲ್ಲೋ ಕನಿಷ್ಠ ಮೂವರು.

ತೀರ್ಮಾನದ ಕರಡನ್ನು ನೀವೇ ಬರೆದುಕೊಡಿ. "ಹಿಂದಿನ ಎಲ್ಲ ಕ್ರಮಗಳನ್ನು ಅನುಮೋದಿಸಲಾಗಿದೆ" ಎಂಬ ಒಂದು ಸಾಲಿಗೆ ಒಪ್ಪಬೇಡಿ. ಗುತ್ತಿಗೆ ಕಾಯ್ದೆ, ಅಂದರೆ 1872ರ ಇಂಡಿಯನ್ ಕಾಂಟ್ರಾಕ್ಟ್ ಆ್ಯಕ್ಟ್‌ನ 198ನೇ ಸೆಕ್ಷನ್ ಪ್ರಕಾರ, ಮುಖ್ಯ ಸಂಗತಿಗಳು ಸರಿಯಾಗಿ ಗೊತ್ತಿಲ್ಲದವರು ಮಾಡಿದ ಸ್ಥಿರೀಕರಣ ನಿಲ್ಲುವುದಿಲ್ಲ. ಹಾಗಾಗಿ ತೀರ್ಮಾನದಲ್ಲೇ ಎಲ್ಲ ಬರಬೇಕು: ಜೂನ್ 10ರ ಒಪ್ಪಂದ, ಸಾಲ ಕೊಡುವವರ ಹೆಸರು, ₹4 ಕೋಟಿ, ಯಾವ ಸರ್ವೆ ನಂಬರಿನ ಜಮೀನು, ಮೇ 20ರಂದು ಒಪ್ಪಿದ್ದು ₹3 ಕೋಟಿ ಮಾತ್ರ ಎಂಬುದು, ಇಬ್ಬರ ಬದಲು ಒಬ್ಬರೇ ಸಹಿ ಹಾಕಿದ್ದರು ಎಂಬುದು, ಇದೆಲ್ಲ ತಿಳಿದೂ ಆ ಸಹಿಯನ್ನು ಸಹಿ ಆದ ದಿನದಿಂದಲೇ ಕಂಪನಿಯ ಸಹಿ ಎಂದು ಒಪ್ಪಿದೆ ಎಂಬುದು. ಇದರ ಜೊತೆಗೆ ಎಂ.ಡಿ. ಮತ್ತು ಹಿರಿಯ ಮಗ ಇಬ್ಬರೂ ಸೇರಿ ಒಪ್ಪಂದವನ್ನು ದೃಢೀಕರಿಸುವ ಒಂದು ಪುಟದ ಪತ್ರಕ್ಕೂ ಸಹಿ ಹಾಕಿಸಿ.

ಹೊರಗಿನ ನಿರ್ದೇಶಕರು ಜುಲೈ 10ರ ಸಭೆಗೆ ಬಂದು ವಿರೋಧಿಸಿದರೂ, ಆರ್ಟಿಕಲ್ಸ್‌ನಲ್ಲಿ ಅವರಿಗೆ ವಿಶೇಷ ಹಕ್ಕು ಇಲ್ಲದಿದ್ದರೆ ಬಹುಮತದ ತೀರ್ಮಾನ ನಡೆಯುತ್ತದೆ. ಅವರ ವಿರೋಧ ಮಿನಿಟ್ಸ್‌ನಲ್ಲಿ ದಾಖಲಾಗಲಿ, ಅದನ್ನು ತೆಗೆಸಲು ಹೋಗಬೇಡಿ. ಆ ಸಭೆಯ ನೋಟಿಸ್ ಇಮೇಲ್‌ಗಳು, ಹಾಜರಾತಿ, ಪುಸ್ತಕಕ್ಕೆ ಏರಿ ಸಹಿಯಾದ ಮಿನಿಟ್ಸ್, ಸಹಿ ಹಾಕದ ನಿರ್ದೇಶಕರು ಕೊಟ್ಟ ಸರ್ಟಿಫೈಡ್ ಕಾಪಿ, ಇವಿಷ್ಟೂ ಕೈಗೆ ಬಂದು, ಮೊದಲ ದಿನ ಬರೆದುಕೊಂಡ ಆ ನಾಲ್ಕು ಸಾಲಿನ ಎದುರಿಗೆ ಒಂದೊಂದು ಪುಟ ಸಂಖ್ಯೆ ಬರೆಯಲು ಆದ ಮೇಲೆ ಹಣ ಬಿಡಿ.